ಕೈಮುಗಿದ ಚಿತ್ರಗಳಿಗೆ ನಾನು ಕೊಟ್ಟ ಉತ್ತರ

ಮಗಳಿಗೆ ಹೆಣ್ಣು ಮಗು ಹುಟ್ಟಿ ಆರು ದಿನವಾಗಿತ್ತು. ಕೋಲಾರದ ಆಸ್ಪತ್ರೆಯಿಂದ ಶ್ರೀನಿವಾಸಪುರದ ನಮ್ಮ ಮನೆಗೆ ಬಾಣಂತಿಯನ್ನು ಕರೆತಂದು ಮೂರು ದಿನ. ಆ ಮೂರು ದಿನ ನಾನು ನೆಲದ ಮೇಲೆ ನಡೆದೆನೋ ಇಲ್ಲವೋ ಗೊತ್ತಿಲ್ಲ. ಮಗು ಆಕಳಿಸಿದರೆ ಒಂದು ಫೋಟೋ, ಕಾಲು ಝಾಡಿಸಿದರೆ ಒಂದು ವಿಡಿಯೋ. ಫೋನು ತುಂಬಿಹೋಗಿ ಜಾಗ ಇಲ್ಲ ಎನ್ನುತ್ತಿತ್ತು. ನಾನು ಕೇಳಲಿಲ್ಲ, ತೆಗೆಯುತ್ತಲೇ ಇದ್ದೆ.

ಅವತ್ತು ಬೆಳಿಗ್ಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದೆ. ನಿದ್ದೆಯಲ್ಲಿ ಅದು ನಕ್ಕಿತು. ಆ ಫೋಟೋವನ್ನು ನಮ್ಮ ಮನೆಯವರ ಗ್ರೂಪಿಗೆ ಹಾಕಿದೆ. ಮುಳಬಾಗಿಲಿನ ಅಕ್ಕನ ಮನೆಯವರು, ಮಾಲೂರಿನ ತಮ್ಮ, ನರಸಾಪುರದ ಕಂಪನಿಗಳಿಗೆ ಹೋಗುವ ಹುಡುಗರು, ಎಲ್ಲ ಸೇರಿ ನಲವತ್ತು ಜನ ಅದರಲ್ಲಿ. ಮಗು ಬೆಚ್ಚಬಾರದೆಂದು ನನ್ನ ಫೋನು, ಯಜಮಾನರ ಫೋನು ಎರಡರ ಸದ್ದನ್ನೂ ಆರಿಸಿ ಒಲೆಯ ಕಡೆ ಹೋದೆ.

ಬಂದು ನೋಡಿದರೆ ನನ್ನ ಫೋಟೋದ ಕೆಳಗೆ ಅಕ್ಕನ ಮಗ ಏನೋ ಒಂದು ಚಿತ್ರ ಹಾಕಿದ್ದ. ಅದು ತೆರೆದುಕೊಂಡಿರಲಿಲ್ಲ. ಮಸುಕು ಚೌಕ, ನಡುವೆ ಕೆಳಗೆ ಮುಖ ಮಾಡಿದ ಬಾಣ, ಅಷ್ಟೇ. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಒಬ್ಬರದು ಎರಡು ಕೈ, ಒಬ್ಬರದು ಮೂರು. ಯಾರೂ ಒಂದಕ್ಷರ ಬರೆದಿರಲಿಲ್ಲ. ಮಗುವಿಗೆ ಎಲ್ಲರೂ ಹರಸಿದ್ದಾರೆ ಅಂದುಕೊಂಡೆ. ಕಣ್ಣು ತುಂಬಿ ಬಂತು. ನಾಲ್ಕನೇ ಕ್ಲಾಸು ಓದಿದ ನಾನು ಒಂದೊಂದೇ ಅಕ್ಷರ ಒತ್ತಿ ಬರೆದೆ: ನಿಮ್ಮೆಲ್ಲರ ಆಶೀರ್ವಾದ, ನಮಗೆ ತುಂಬಾ ಸಂತೋಷವಾಗಿದೆ. ಕೊನೆಗೆ ಮೂರು ಕೆಂಪು ಹೃದಯ, ಒಂದು ನಗುವ ಮುಖ.

ಒಳಗಿನಿಂದ ಮಗಳು ಕರೆದಳು.

"ಅಮ್ಮಾ, ಬಾ ಇಲ್ಲಿ. ಏನ್ ಹಾಕಿದ್ದೀಯ ನೀನು?"

"ಯಾಕೆ, ಎಲ್ಲಾರೂ ಕೈ ಮುಗ್ದಿದ್ರಲ್ಲ."

"ಆ ಚಿತ್ರ ತೆಗೆದು ನೋಡಿದ್ಯಾ? ದೊಡ್ಡಪ್ಪ ಹೋಗ್ಬಿಟ್ಟವ್ರೆ."

ಅವಳ ಫೋನಿನಲ್ಲಿ ಆ ಚೌಕ ತೆರೆದಿತ್ತು. ಹೂವಿನ ಹಾರದ ನಡುವೆ ನಮ್ಮ ಭಾವ. ಅಕ್ಕನ ಗಂಡ. ಬೆಳಗಿನ ಜಾವ ಎದೆನೋವು ಬಂದು ಹೋಗಿದ್ದರು. ಯಜಮಾನರ ಫೋನಿಗೆ ಏಳು ಕರೆ ಬಂದಿದ್ದವು.

ನನ್ನ ಉತ್ತರದ ಮೇಲೆ ಬೆರಳು ಒತ್ತಿ ಹಿಡಿದು, ಮೇಲೆ ಬಂದ ಕಸದ ಡಬ್ಬಿಯನ್ನು ಮುಟ್ಟಿ, ಫೋನು ಏನೋ ಕೇಳಿದ್ದಕ್ಕೆ ಹೂಂ ಅಂದೆ. ಮಾಯವಾಯಿತು. ಅಬ್ಬಾ ಅಂದುಕೊಂಡೆ. ಮಗಳು ತನ್ನ ಫೋನು ನೋಡಿ ಹಣೆ ಹಿಡಿದುಕೊಂಡಳು.

"ನಿನಗೆ ಮಾತ್ರ ಅಳ್ಸಿದ್ದೀಯ. ಎಲ್ಲಾರಿಗೂ ಅನ್ನೋದು ಒತ್ತಬೇಕಿತ್ತು. ಬೇರೆಯವ್ರ ಫೋನಲ್ಲಿ ಹಂಗೇ ಐತೆ."

"ಈಗ ಒತ್ತು ಮತ್ತೆ."

"ನಿನ್ನ ಫೋನಲ್ಲಿ ಅದು ಇಲ್ವೇ ಇಲ್ವಲ್ಲಮ್ಮ, ಯಾವುದನ್ನ ಒತ್ಲಿ? ಇನ್ನು ಅಡ್ಮಿನ್ ಒಬ್ರೇ ತೆಗೀಬೇಕು."

ಅಡ್ಮಿನ್ ಯಾರು? ಆ ಚಿತ್ರ ಹಾಕಿದ ಅಕ್ಕನ ಮಗನೇ. ಅಪ್ಪನ ಹೆಣದ ಪಕ್ಕ ಕೂತಿರುವ ಹುಡುಗನಿಗೆ ನನ್ನ ಹೃದಯದ ಚಿತ್ರ ಅಳಿಸಪ್ಪಾ ಎಂದು ಹೇಗೆ ಕೇಳಲಿ?

ಹೋಗಿ ಅಕ್ಕನ ಕಾಲ ಬಳಿ ಕೂರಬೇಕಿತ್ತು. ಅದೂ ಆಗುವಂತಿಲ್ಲ. ಸಾವಿನ ಮನೆಗೆ ಹೋಗಿಬಂದ ಕೈಯಲ್ಲಿ ಹಸಿ ಬಾಣಂತಿಯನ್ನು, ಹಸುಗೂಸನ್ನು ಮುಟ್ಟಬಾರದು. ಇವರಿಬ್ಬರಿಗೂ ನೀರು ಹಾಕುವವಳು ನಾನೊಬ್ಬಳೇ. ಯಜಮಾನರು ಹೊರಟರು. ಹಿಂದಿರುಗಿದ ಮೇಲೆ ತೋಟದ ಮನೆಯಲ್ಲೇ ಇರುತ್ತೇನೆ ಅಂದರು. ಅಕ್ಕನನ್ನು ಮುಟ್ಟಲು ನನಗೆ ಉಳಿದದ್ದು ಆ ಗ್ರೂಪು ಮಾತ್ರ. ಅಲ್ಲೇ ನಾನು ಅವಳ ಗಂಡನ ಸಾವಿಗೆ ಸಂತೋಷ ಎಂದು ಬರೆದು ಕೂತಿದ್ದೆ.

ಏನಾದರೂ ಹಾಕಬೇಕೆಂಬ ಆತುರದಲ್ಲಿ, ಯಾರೋ ಹಿಂದೆ ಕಳಿಸಿದ್ದ ದೀಪದ ಚಿತ್ರವಿರುವ ಪ್ರಾರ್ಥನೆಯೊಂದನ್ನು ಹುಡುಕಿ ಫಾರ್ವರ್ಡ್ ಮಾಡಿದೆ. ಮಗಳು ಅದನ್ನು ಕೊನೆಯವರೆಗೂ ಓದಿದಳು.

"ಕೆಳಗೆ ಏನೈತೆ ನೋಡಿದ್ಯಾ? ಹನ್ನೊಂದು ಜನಕ್ಕೆ ಕಳ್ಸಿದ್ರೆ ಸಂಜೆಯೊಳಗೆ ಶುಭ ಸುದ್ದಿ ಬರುತ್ತಂತೆ. ಮೇಲೆ ಬಾಣ ಬೇರೆ, ಹಲವು ಸಲ ಫಾರ್ವರ್ಡ್ ಆಗಿದೆ ಅಂತ. ದೊಡ್ಡಮ್ಮನಿಗೆ ಊರೆಲ್ಲಾ ಸುತ್ತಿ ಬಂದಿದ್ದು ಕೊಡ್ತೀಯಾ?"

ಈ ಸಲ ಅವಳೇ ಎಲ್ಲರಿಗೂ ಅಳಿಸಿದಳು. ಆದರೂ ಅಲ್ಲಿ ಒಂದು ಬೂದು ಸಾಲು ಉಳಿಯಿತು, ಈ ಸಂದೇಶ ಅಳಿಸಲಾಗಿದೆ ಎಂದು. ನನ್ನ ಹೆಸರಿನಲ್ಲಿ.

ಮಧ್ಯಾಹ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರೂ ನನಗೆ ಕಾಣುತ್ತಿದ್ದದ್ದು ಆ ಕೈಗಳು. ಮುಖವಿಲ್ಲ, ಮೈಯಿಲ್ಲ, ಮುಂಗೈವರೆಗೆ ಕತ್ತರಿಸಿಟ್ಟ ಹಳದಿ ಕೈಗಳು. ಕಣ್ಣು ಮುಚ್ಚಿದರೆ ಸಾಲಾಗಿ ಬಂದು ನಿಲ್ಲುತ್ತಿದ್ದವು. ಅವುಗಳ ಮುಂದೆ ನಾನು ನಗುತ್ತಿದ್ದೆ. ಮಗು ನಿದ್ದೆಯಲ್ಲಿ ಮತ್ತೆ ನಕ್ಕಿತು. ನನಗೂ ನಗು ಬಂತು. ಬಂದದ್ದಕ್ಕೆ ಭಯವಾಯಿತು.

ಯಜಮಾನರು ಮುಳಬಾಗಿಲಿನಿಂದ ಫೋನ್ ಮಾಡಿದರು. "ಲೇ, ಹುಡುಗ ಗ್ರೂಪಲ್ಲಿ ಬಂದಿದ್ದೆಲ್ಲಾ ಅವ್ರ ಅಮ್ಮನಿಗೆ ಓದಿ ಹೇಳ್ತಾವ್ನೆ."

"ನಂದೂ ಓದಿದ್ನಾ?"

"ಓದಿದ. ನಿಮ್ಮಕ್ಕ ಮುಖ ಆ ಕಡೆ ತಿರುಗಿಸ್ಕೊಂಡ್ಲು."

ಅವರೇ ಮುಂದುವರಿಸಿದರು.

"ಓಂ ಶಾಂತಿ, ಓಂ ಶಾಂತಿ ಅಂತ ಇಪ್ಪತ್ತು ಬಂತು. ಅದಕ್ಕೆಲ್ಲ ಸುಮ್ನೇ ಕೂತಿದ್ಲು. ನಿನ್ನ ಮಾಲೂರಿನ ತಮ್ಮಂದು ಓದ್ದಾಗ ಮಾತ್ರ ಗೊಳೋ ಅಂತ ಅತ್ತುಬಿಟ್ಲು."

ತಮ್ಮನದನ್ನು ತೆಗೆದು ನೋಡಿದೆ. ಮೊದಲು ಒಂದು ಮುಖ, ಎರಡೂ ಕಣ್ಣಲ್ಲಿ ನೀರು. ಮಗಳು ಇಣುಕಿ ಅಂದಳು, "ಮಾವಂದು ನೋಡು, ಇದು ಅಳೋ ಮುಖ ಅಲ್ಲ, ನಕ್ಕು ನಕ್ಕು ನೀರು ಬಂದಿರೋದು." ಅದರ ಕೆಳಗೆ ಅವನು ಬರೆದಿದ್ದ: ಭಾವ ನನಗೆ ಸೈಕಲ್ ಕಲಿಸಿದ್ರು. ಹಿಡ್ಕೊಂಡಿದ್ದೀನಿ ಅಂತ ಹೇಳ್ತಾನೇ ಕೈ ಬಿಟ್ಟಿದ್ರು.

ಹುಡುಗ ಮುಖವನ್ನು ಓದಿರಲಿಲ್ಲ, ಮಾತನ್ನು ಓದಿದ್ದ. ಆ ಮಾತು ಭಾವನ ಬಗ್ಗೆ ಬಿಟ್ಟರೆ ಇನ್ಯಾರ ಬಗ್ಗೆಯೂ ಆಗುವಂತಿರಲಿಲ್ಲ.

ಮಗು ಮಲಗಿದ ಮೇಲೆ ಕೂತು ಬರೆದೆ. ಮಗಳು ನಾನು ಬರೀತೀನಿ ಕೊಡು ಅಂದಳು, ಕೊಡಲಿಲ್ಲ. ಚಿತ್ರ ಒಂದನ್ನೂ ಹಾಕಲಿಲ್ಲ.

ಅಕ್ಕಾ, ತೆರೆದು ನೋಡದೆ ಬರೆದೆ, ತಪ್ಪು ನನ್ನದು. ಭಾವ ನಮ್ಮ ಮನೆಗೆ ಬಂದರೆ ಕೂರುವ ಮೊದಲು ಹಿತ್ತಲಿಗೆ ಹೋಗಿ ದನಕ್ಕೆ ನೀರಿದೆಯಾ ನೋಡುತ್ತಿದ್ದರು. ನಿನ್ನ ಹತ್ತಿರ ಬರಲು ಆಗುತ್ತಿಲ್ಲ.

ಕಳಿಸಿದೆ. ಯಾರೂ ಏನೂ ಹಾಕಲಿಲ್ಲ. ಇಳಿಹೊತ್ತಾಯಿತು. ಫೋನನ್ನು ಆರಿಸಲು ಮನಸ್ಸಾಗಲಿಲ್ಲ.

ಆಮೇಲೆ ಗ್ರೂಪಿನ ಹೆಸರಿನ ಕೆಳಗೆ ಸಣ್ಣ ಅಕ್ಷರ ಬಂತು: ಭಾವ ಧ್ವನಿ ರೆಕಾರ್ಡ್ ಮಾಡುತ್ತಿದ್ದಾರೆ.

ಭಾವನನ್ನು ಮಣ್ಣು ಮಾಡಿ ಎರಡು ಗಂಟೆಯಾಗಿತ್ತು. ಆ ಸಾಲು ಹೋಯಿತು, ಮತ್ತೆ ಬಂತು. ಆಮೇಲೆ ಹೊಳೆಯಿತು. ಅಕ್ಕನಿಗೆ ಬೇರೆ ಫೋನಿಲ್ಲ, ಮೊದಲಿನಿಂದಲೂ ಅವರದರಲ್ಲೇ ಮಾತಾಡುತ್ತಿದ್ದವಳು.

ಬಂದದ್ದನ್ನು ಕಿವಿಗೆ ಹಿಡಿದೆ. ಮೊದಲು ಉಸಿರು, ಹಿಂದೆ ಹೆಂಗಸರ ಅಳು. ಆಮೇಲೆ ಅಕ್ಕನ ದನಿ.

"ನೀನು ಹಾಕಿದ್ದು ಕೇಳಿ ಕೋಪ ಬಂತು ಕಣೇ. ಈಗ್ಲೂ ಐತೆ. ನೀರಿನ ವಿಷ್ಯ ಸರಿಯಾಗಿ ಹೇಳ್ದೆ, ಹಂಗೇ ಮಾಡ್ತಿದ್ರು. ನಿಮ್ಮನೇಲಿ ನಾಮಕರಣ ಆಗ್ಲಿ, ಆಮೇಲೆ ಬಾ." ಸ್ವಲ್ಪ ತಡೆದು, ನಾವಿಬ್ಬರೇ ಇದ್ದಾಗ ಆಡುವ ತೆಲುಗಿನಲ್ಲಿ ಕೇಳಿದಳು, "ಪಾಪ ಪಾಲು ತಾಗಿಂದಾ?"

ಮಗು ಹಾಲು ಕುಡಿಯಿತಾ ಎಂದು ಕೇಳುತ್ತಿದ್ದಾಳೆ. ಆ ಮಾತಿನ ಪಕ್ಕದಲ್ಲಿ ಭಾವನ ಹೆಸರು, ಭಾವನ ನಗುವ ಮುಖದ ಪುಟ್ಟ ಫೋಟೋ. ನನಗೆ ಅಕ್ಕನಿಗೆ ಹೇಳುತ್ತಿದ್ದೇನೋ ಅವರಿಗೋ ತಿಳಿಯಲಿಲ್ಲ. ಮೈಕಿನ ಗುರುತನ್ನು ಒತ್ತಿ ಹಿಡಿದು, ಮಗು ಎಚ್ಚರವಾಗದಂತೆ ಮೆಲ್ಲಗೆ ಹೇಳಿದೆ.

"ತಾಗಿಂದಕ್ಕಾ."