ಉಸ್ರು ಅಂತ ಕೂಗಿದ್ದು ಯಾರು?

ದೆವ್ವ, ಅಶರೀರವಾಣಿ ಅಂತ ಯಾರಾದರೂ ಶುರು ಮಾಡಿದರೆ "ಸಾಕು ಸುಮ್ನಿರಿ" ಅಂತ ನಕ್ಕು ಎದ್ದುಹೋಗುತ್ತಿದ್ದವನು ನಾನು. ಬೇರೆಯವರ ಕತೆಗಳನ್ನು ಈಗಲೂ ನಂಬುವುದಿಲ್ಲ. ಆದರೆ ಇದು ನನಗೇ ಆದದ್ದು. ನೆನೆಸಿಕೊಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ!

ಅರವತ್ತರ ದಶಕ. ತಮಿಳು ಸೀಮೆಯ ಚಿನ್ನಮನೂರಿನಲ್ಲಿ ನಮ್ಮದು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಒಕ್ಕಲು ಮನೆ. ಎಂಟನೇ ಕ್ಲಾಸಿಗೆ ಅಪ್ಪ ನನ್ನನ್ನು ದಿಂಡಿಗಲ್ಲಿನ ಒಂದು ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ನನಗೆ ಉಬ್ಬಸ ಇತ್ತು, ಅದಕ್ಕೇ ವಾರ್ಡನ್ನರು ಕಿಟಕಿ ಪಕ್ಕದ ಮಂಚ ಕೊಟ್ಟರು. ಆ ಮಂಚದ ಮೇಲೆ ನಮ್ಮ ರೂಮಿನ ಲೀಡರ್ ದೊರೈಗೆ ಕಣ್ಣು. ಹನ್ನೊಂದನೇ ಕ್ಲಾಸಿನ ದಾಂಡಿಗ ಅವನು. ದೀಪ ಆರಿಸಿದರೆ ಸಾಕು, ನನ್ನ ಹೊದಿಕೆಗೆ ನೀರು, ಕಾಲ್ಬೆರಳಿಗೆ ದಾರ, ನನ್ನ ಮಾತಿನ ಅಣಕ.

ವಾರ್ಡನ್ ತಮಿಳು ಮಾಸ್ತರು, ಕೆಟ್ಟವರಲ್ಲ. ಒಂಬತ್ತಕ್ಕೆ ಹಾಜರಿ, ಹನ್ನೊಂದಕ್ಕೆ ಟಾರ್ಚ್ ಹಿಡಿದು ಇನ್ನೊಂದು ಸುತ್ತು, ಅದು ಅವರ ಕೆಲಸ. ಆ ಎರಡನೇ ಸುತ್ತನ್ನು ಬೀಗದ ಕೈಗಳ ಸಮೇತ ದೊರೈಗೇ ಒಪ್ಪಿಸಿ ಮಲಗಿಬಿಡುತ್ತಿದ್ದರು! ನಾನು ಹೋಗಿ ಗೋಳು ಹೇಳಿಕೊಂಡೆ. ಅವರೋ, ದೊರೈಯನ್ನು ಕರೆದು ನನ್ನೆದುರೇ, "ಇವನು ನಿನ್ನ ಮೇಲೆ ದೂರು ಹೇಳ್ತಾನೆ, ಇಬ್ಬರೂ ಹೊಂದಿಕೊಂಡು ಹೋಗಿ" ಅಂದು ಅದೇ ರೂಮಿಗೆ ಕಳಿಸಿದರು. ಮುಗೀತಲ್ಲ ನನ್ನ ಕತೆ!

ಆ ರಾತ್ರಿಯೇ ದೊರೈ, ಅವನ ಇಬ್ಬರು ಜೊತೆಗಾರರು, ಮೂವರೂ ಸೇರಿ ನನ್ನ ಬಾಯಿಗೆ ಟವೆಲ್ ತುರುಕಿ, ಕೈ ಕಟ್ಟಿ, ಹಿಂದಿನ ಟ್ರಂಕು ಕೋಣೆಗೆ ದೂಡಿ ಬೀಗ ಜಡಿದರು. ಕಿಟಕಿ ಇಲ್ಲದ ಕೋಣೆ. ಧೂಳಿಗೆ ಉಬ್ಬಸ ಕೆರಳಿತು. ಸತ್ತೇ ಹೋಗುತ್ತೇನೆ ಅನ್ನಿಸಿತು. ಬಾಯಿಂದ ಸದ್ದೇ ಹೊರಡದು. ಮನಸ್ಸಿನೊಳಗೇ, ಮನೆಯ ಮಾತಿನಲ್ಲಿ ಕಿರುಚಿದೆ: "ಅಯ್ಯಾ, ಬಾಗ್ಲು ತೆಗೀರಿ, ಉಸ್ರು ಹೋಗ್ತೈತೆ!"

ಅಷ್ಟರಲ್ಲಿ ಹೊರಗೆ ದಡದಡ ಸದ್ದು! ವಾರ್ಡನ್ನರು ಕಲ್ಲಿನಿಂದ ಬೀಗ ಒಡೆದು ಒಳಗೆ ನುಗ್ಗಿದರು. ಟವೆಲ್ ಎಳೆದು, ಹೊರಗೆ ಎತ್ತಿಕೊಂಡು ಹೋಗಿ ಬೆನ್ನು ನೀವಿದರು.

ಆಮೇಲೆ ಮನುಷ್ಯ ಮಲಗಲಿಲ್ಲ. ದೊರೈಯಿಂದ ಬೀಗದ ಕೈ ಕಿತ್ತುಕೊಂಡರು. ನನ್ನ ಮಂಚವನ್ನು ತಮ್ಮ ಪಕ್ಕದ ರೂಮಿಗೆ ಹಾಕಿಸಿದರು. ಮೂವರನ್ನೂ ಬೇರೆ ಬೇರೆ ಕೂರಿಸಿ ಹೇಳಿಕೆ ಬರೆಸಿದರು, ಬೆಳಗಾಗುತ್ತಲೇ ಹೆಡ್ಮಾಸ್ತರಿಗೆ ತಿಳಿಸಿ ಎಲ್ಲರ ಮನೆಗೂ ಕಾಗದ ಹಾಕಿಸಿದರು. ಸುತ್ತು ತಪ್ಪಿಸಿದ್ದು ತಮ್ಮದೇ ತಪ್ಪು ಅಂತ ರಿಜಿಸ್ಟರಿನಲ್ಲಿ ತಾವೇ ಬರೆದರು.

ಎಲ್ಲ ಮುಗಿದ ಮೇಲೆ ನನ್ನನ್ನು ಒಬ್ಬನನ್ನೇ ಕರೆದು ಕೇಳಿದರು, "ತಂಬಿ, 'ಬಾಗ್ಲು ತೆಗೀರಿ' ಅಂದ್ರೆ ಏನು?"

ನಾನು ಬೆಚ್ಚಿಬಿದ್ದೆ. ನಿದ್ದೆಯಲ್ಲಿ ಅವರ ಕಿವಿಯ ಹತ್ತಿರವೇ ಒಬ್ಬ ಹುಡುಗ ಕೂಗಿದನಂತೆ. ಎದ್ದರೂ ದನಿ ನಿಲ್ಲಲಿಲ್ಲವಂತೆ. ಅವರಿಗೆ ತಿಳಿದದ್ದು ಉಸ್ರು ಅನ್ನುವ ಒಂದೇ ಮಾತು. ನಮಗೆ ಉಸ್ರು ಅಂದರೆ ಉಸಿರು, ತಮಿಳರ ಆಡುಮಾತಿನಲ್ಲಿ ಉಸುರು ಅಂದರೆ ಪ್ರಾಣ. ಯಾರದೋ ಪ್ರಾಣ ಅಂತ ದನಿಯ ಹಿಂದೆ ಓಡಿದರು. ಅದು ಟ್ರಂಕು ಕೋಣೆಯ ಮುಂದೆ ನಿಂತಿತಂತೆ.

"ನೀನೇ ತಾನೇ ಕೂಗಿದ್ದು?" ಅಂದರು. ಅಂದವರು ಮೇಜಿನ ಮೇಲೆ ತಾವೇ ತಂದಿಟ್ಟಿದ್ದ ಆ ಟವೆಲ್ ಎತ್ತಿಕೊಂಡು, "ಆದ್ರೆ ಇದನ್ನ ನಿನ್ನ ಬಾಯಿಂದ ಎಳೆದದ್ದು ನಾನೇ ಅಲ್ವಾ" ಅಂದರು.

ನಾನು ಹಾಸ್ಟೆಲ್ ಬಿಡುವವರೆಗೂ ಅವರು ಒಂದು ರಾತ್ರಿಯೂ ಸುತ್ತು ತಪ್ಪಿಸಲಿಲ್ಲ. ಟ್ರಂಕು ಕೋಣೆಯ ಬಾಗಿಲಿಗೆ ಕಿವಿಯಿಟ್ಟು ನಿಂತು, ಆಮೇಲೆ ಮುಂದೆ ಹೋಗುತ್ತಿದ್ದರು.