ಮೂವತ್ತನೇ ಲೆವೆಲ್‌ಗೆ ಹೋದ ಗಂಟೆಗಳು

ಚಿಂತಾಮಣಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತನುಜ ಒಂಬತ್ತು ವರ್ಷಗಳಿಂದ ಹಳೆಯ ವಿಡಿಯೊ ಗೇಮ್ ಡಿಸ್ಕುಗಳನ್ನು ಕೊಂಡು ಮಾರುತ್ತಿದ್ದಾಳೆ. ಡಿಸ್ಕಿನ ಮೇಲಿನ ಚೀಟಿಯಲ್ಲಿ ಬೆಲೆ ಇರುತ್ತಿತ್ತು, ಆಟ ಮುಗಿಯಲು ಬೇಕಾದ ಗಂಟೆಗಳಿರುತ್ತಿದ್ದವು. ಸಾವಿರದ ಇನ್ನೂರು ರೂಪಾಯಿಗೆ ನೂರು ಗಂಟೆ ಎಂದರೆ ಗಂಟೆಗೆ ಹನ್ನೆರಡೇ ರೂಪಾಯಿ. ಅಷ್ಟು ಹೇಳಿದರೆ ಸಾಕು, ಆಟ ಮಾರಾಟವಾಗುತ್ತಿತ್ತು.

ಹಾಗೆ ಹೇಳಿಯೇ ಅವಳು ಭಾನುಪ್ರಕಾಶ್ ಅವರಿಗೊಂದು ದೊಡ್ಡ ಆಟ ಕೊಟ್ಟಳು. ಅವರು ದಿಬ್ಬೂರಹಳ್ಳಿ ಕಡೆಯವರು, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಆರು ವಾರದ ಮೇಲೆ ಡಿಸ್ಕನ್ನು ವಾಪಸ್ ತಂದರು.

"ಮುಗೀತಾ ಸಾರ್?"

"ಇಲ್ಲ ತನುಜಮ್ಮ. ಅರವತ್ತು ಗಂಟೆ ಆಡ್ದೆ, ಸಾಕಾಯ್ತು."

ಗಂಟೆಗೊಂದು ಸಾಲಿನಂತೆ ತಾವು ಬರೆದಿಟ್ಟಿದ್ದ ಪುಸ್ತಕವನ್ನು ಅವಳ ಮುಂದಿಟ್ಟರು. ಮೊದಲ ಹದಿನಾಲ್ಕು ಸಾಲಿನಲ್ಲಿ ಮುಳುಗಿದ ಊರು, ತಂಗಿಯನ್ನು ಹುಡುಕುವ ಅಣ್ಣ, ಹಿಮದ ಕಣಿವೆ. ಆಮೇಲಿನ ಸಾಲುಗಳಲ್ಲೆಲ್ಲ ಒಂದೇ ಮಾತು: ಕಾವಲುಗೋಪುರ, ಕಳ್ಳರ ಬಿಡಾರ, ಮತ್ತೆ ಕಾವಲುಗೋಪುರ.

"ಕಥೆ ಮುಂದಕ್ಕೆ ಹೋಗ್ಬೇಕಂದ್ರೆ ಆ ಅಣ್ಣನ ಬಲ ಮೂವತ್ತನೇ ಲೆವೆಲ್‌ಗೆ ಏರ್ಬೇಕಂತೆ. ಅದಕ್ಕೆ ಮಾಡಿದ್ದನ್ನೇ ಮಾಡ್ತಾ ಇರ್ಬೇಕು. ಬೇಗ ಆಗ್ಬೇಕಾದ್ರೆ ಇನ್ನೊಂದಿಷ್ಟು ದುಡ್ಡು ಕೊಡಿ ಅಂತ ಅಲ್ಲೇ ಕೇಳ್ತಾರೆ."

"ದೊಡ್ಡ ಆಟ ಅಂದ್ರೆ ಅಷ್ಟು ಇದ್ದೇ ಇರ್ತದಲ್ಲ ಸಾರ್."

"ಮತ್ತೆ ಮತ್ತೆ ಮಾಡೋದು ತಪ್ಪಲ್ಲಮ್ಮ. ಪ್ರತಿ ಸಲ ಹೊಸದೇನಾದ್ರೂ ಕಲ್ತ್ರೆ ಅದೂ ಆಟಾನೇ. ಇಲ್ಲಿ ಮೂರನೇ ಗೋಪುರಕ್ಕೂ ಮೂವತ್ತನೇದಕ್ಕೂ ವ್ಯತ್ಯಾಸಾನೇ ಇಲ್ಲ. ಹದಿನಾಲ್ಕು ಗಂಟೆ ಚೆನ್ನಾಗಿತ್ತು. ನಿನ್ನ ಬೆಲೇನ ಆ ಹದಿನಾಲ್ಕರಿಂದ ಭಾಗಿಸು."

ತನುಜ ದುಡ್ಡು ವಾಪಸ್ ಕೊಡಲು ಹೋದಳು. ಅವರು ತೆಗೆದುಕೊಳ್ಳಲಿಲ್ಲ.

"ದುಡ್ಡಿನ ಮಾತಲ್ಲ ಇದು. ನನ್ನ ಕಣ್ಣಿನ ಪರದೆ ಸವೀತಾ ಇದೆ. ಪಕ್ಕದ್ದು ಈಗ್ಲೇ ಕಾಣಲ್ಲ. ಎದುರಿಗಿರೋದೂ ಎಷ್ಟು ದಿನ ಕಾಣ್ತದೋ ಡಾಕ್ಟರಿಗೂ ಗೊತ್ತಿಲ್ಲ. ಉಳಿದ ನಲವತ್ತಾರು ಗಂಟೇಲಿ ಬೇರೆ ಏನಾದ್ರೂ ನೋಡಬಹುದಿತ್ತು."

ಅಗ್ಗ ಎಂದು ಹೇಳಿ ಮಾರಿದ್ದು ಅವಳೇ.

ಆ ಆಟವನ್ನು ತಾನೇ ಮನೆಗೆ ಒಯ್ದು ಆಡಿದಳು. ಹತ್ತು ದಿನದಲ್ಲಿ ಅವರ ಮಾತು ನಿಜವೆಂದು ಕಂಡಿತು. ಆಮೇಲೆ ಅಂಗಡಿಯ ಆಟಗಳನ್ನು ಒಂದೊಂದಾಗಿ ಆಡತೊಡಗಿದಳು. ಎಷ್ಟು ಹೊತ್ತು ನಿಜವಾಗಿ ಹಿಡಿದು ಕೂರಿಸಿತು, ಎಲ್ಲಿಂದ ಸುಮ್ಮನೆ ಎಳೆಯಿತು ಎಂದು ಹೊಸ ಚೀಟಿ ಬರೆದಳು. ಕಾಲೇಜು ಹುಡುಗರು ನಕ್ಕರು. ದೊಡ್ಡ ಆಟಗಳ ಮಾರಾಟ ಇಳಿಯಿತು, ಚೀಟಿಯನ್ನು ಮಾತ್ರ ಅವಳು ತೆಗೆಯಲಿಲ್ಲ.

ಗಂಟೆಗೆ ನೂರೈವತ್ತು ಬೀಳುವುದೆಂದು ಯಾರೂ ಮುಟ್ಟದ, ಆರೇ ಗಂಟೆಯಲ್ಲಿ ಮುಗಿಯುವ ಆಟವೊಂದಿತ್ತು. ಒಂದು ಭಾನುವಾರ ಬೆಳಿಗ್ಗೆ ತಾನೇ ಅದನ್ನು ಮೇಷ್ಟ್ರ ಮನೆಗೆ ಒಯ್ದಳು. ಅವರು ಟಿವಿಗೆ ಹತ್ತಿರ ಕುಳಿತು ಆಡತೊಡಗಿದರು. ಹೆಂಡತಿ ಬಿಂದುಶ್ರೀ ಪಕ್ಕದಲ್ಲಿದ್ದರು.

"ಎಡಗಡೆ ಬಾಗಿಲಿದೆ ನೋಡಿ," ಅಂದರು ಬಿಂದುಶ್ರೀ.

ಮೇಷ್ಟ್ರು ಮೆಲ್ಲಗೆ ಆ ಕಡೆ ತಿರುಗಿದರು. ಬಾಗಿಲಾಚೆ ಸಮುದ್ರ ಕಂಡಿತು. ಅವರು ಆಟ ನಿಲ್ಲಿಸಿ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು.