ಹುಳಿ ಇಳಿದ ಮೊಸರು

ಬಚಿಂತ್ ಕೌರ್ ನಾಲಿಗೆಗೆ ಊರೇ ಹೆದರುತ್ತಿತ್ತು. ಬೈಗುಳಕ್ಕೂ ಹೌದು, ರುಚಿಗೂ ಹೌದು. ಹಬ್ಬದ ದಿನ ಗುರುದ್ವಾರದ ಸಾಮೂಹಿಕ ಊಟವಾದ ಲಂಗರಿಗೆ ಕಢಿ ಮಾಡುವುದೆಂದರೆ ಮನೆಮನೆಯಿಂದ ಹುಳಿ ಬಂದ ಮೊಸರಿನ ಗಡಿಗೆಗಳು ಬರಬೇಕು. ಎಲ್ಲವನ್ನೂ ಒಂದೇ ಕೊಪ್ಪರಿಗೆಗೆ ಸುರಿದು, ಕಡಲೆಹಿಟ್ಟು ಕದಡಿ, ಒಲೆಗೇರಿಸಬೇಕು. ಲಂಗರಿನ ಅಡುಗೆಯನ್ನು ಅರದಾಸ್ ಪ್ರಾರ್ಥನೆಗೆ ಮುಂಚೆ ಯಾರೂ ಬಾಯಿಗೆ ಇಡುವ ಹಾಗಿಲ್ಲ. ಅಂದಮೇಲೆ ರುಚಿ ನೋಡುವುದೇನಿದ್ದರೂ ಗೇಟಿನ ಆಚೆಯೇ. ಅಲ್ಲಿ ಬೇವಿನ ಮರದ ಕೆಳಗೆ ಮಂಚ ಹಾಕಿಸಿಕೊಂಡು ಬಚಿಂತ್ ಕೌರ್ ಕೂರುತ್ತಿದ್ದಳು. ಸೊಸೆ ಕುಲವಂತ್ ಗಡಿಗೆಯಿಂದ ಸೌಟಿನಲ್ಲಿ ಒಂದು ತೊಟ್ಟು ಅವಳ ಅಂಗೈಗೆ ಬಿಡುತ್ತಿದ್ದಳು. ಎಂಜಲಾಗಬಾರದಲ್ಲ. ಅತ್ತೆ ನೆಕ್ಕಿ ತಲೆಯಾಡಿಸಿದರೆ ಗಡಿಗೆ ಒಳಕ್ಕೆ, ಮೂತಿ ತಿರುವಿದರೆ ಮನೆಗೆ.

ಈ ಮಂಚದ ಅಧಿಕಾರ ಅವಳಿಗೆ ಅತ್ತೆಯಿಂದ ಬಂದದ್ದು. ಮದುವೆಯಾಗಿ ಬಂದ ಹೊಸತರಲ್ಲಿ, ಹುಳಿಯಾದದ್ದೆಲ್ಲ ಹಾಳಾಯಿತೆಂದು ಒಂದು ಗಡಿಗೆ ಮೊಸರನ್ನು ಎಮ್ಮೆಗೆ ಸುರಿದಿದ್ದಕ್ಕೆ ಅತ್ತೆ ಊಟ ಬಿಟ್ಟು ಕೂತಿದ್ದಳಂತೆ. ಆಮೇಲೆ ಪಾಠ ಶುರುವಾಯಿತು. ಮೇಲೆ ತಿಳಿನೀರು ನಿಂತರೆ ಹೆದರಬೇಡ, ಅದು ಹಸಿರು ಛಾಯೆಯದಾಗಿದ್ದರೂ ಸರಿಯೇ. ಹಲ್ಲು ಜುಮ್ಮೆಂದರೆ ಇನ್ನೂ ಒಳ್ಳೆಯದು, ಕಢಿಗೆ ಅದೇ ಬೇಕು. ಹುಳಿ ಏರುತ್ತದೆ, ಏರಿ ನಿಲ್ಲುತ್ತದೆ. ನಿಂತ ಮೇಲೆ ಇಳಿಯಿತೋ, ಅಲ್ಲಿಗೆ ಮುಗಿಯಿತು. ಮೇಲೆ ಬೂಷ್ಟು ಕೂತು ಹುಳಿಯನ್ನು ತಿನ್ನುತ್ತಿದೆ ಎಂದರ್ಥ. ಸಪ್ಪೆಯಾದ ಹಳೆಯ ಮೊಸರಿಗಿಂತ ಮೋಸದ್ದು ಇನ್ನೊಂದಿಲ್ಲ.

ಬಚಿಂತ್ ಕೌರ್ ಇದನ್ನೆಲ್ಲ ಕಲಿತಳು, ಕಲಿತಿದ್ದಕ್ಕೆ ತುಸು ಜಂಬವೂ ಬಂತು. ಯಾರಾದರೂ ಗಡಿಗೆಗೆ ಮೂಗಿಟ್ಟರೆ, "ಮೂಸೋದು ಬೆಕ್ಕಿನ ಕೆಲಸ ಕಣೇ, ಮನುಷ್ಯರಿಗೆ ನಾಲಿಗೆ ಕೊಟ್ಟಿದ್ದಾನೆ" ಎಂದು ನಗುತ್ತಿದ್ದಳು. ಗಂಡ ಹೋದ ಮೇಲೂ, ಮಗ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟ ಮೇಲೂ, ಮನೆಗೆ ಫ್ರಿಜ್ ಬಂದ ಮೇಲೂ ಮಂಚ ಮಾತ್ರ ಅವಳದೇ.

ಈ ಸಲದ ಮಾಘಿ ಹಬ್ಬಕ್ಕೆ ಮಂಜು ಕವಿದಿತ್ತು. ಕಂಬಳಿ ಹೊದ್ದು ಕೂತವಳು ಮೊದಲ ಗಡಿಗೆ ನೆಕ್ಕಿ, "ಇನ್ನೊಂದಿನ ಇಡಬಾರದಿತ್ತಾ? ಹುಳಿನೇ ಇಲ್ಲ" ಎಂದಳು. ಎರಡನೆಯದೂ ಹಾಗೇ. ಚಳಿಗಾಲ, ಮೊಸರು ನಿಧಾನವಾಗಿ ಹುಳಿಯಾಗುತ್ತದೆ, ಎಳೆ ಮೊಸರಿನಿಂದ ಯಾರಿಗೂ ಏನೂ ಆಗುವುದಿಲ್ಲ. ಗೊಣಗುತ್ತಲೇ ಒಂದೊಂದಾಗಿ ಒಳಗೆ ಕಳಿಸಿದಳು. ಕುಲವಂತ್ ಕೊಪ್ಪರಿಗೆಗೆ ಸುರಿದು, ಖಾಲಿ ಗಡಿಗೆಗಳನ್ನು ಗೋಡೆಗೆ ಸಾಲಾಗಿ ಇಟ್ಟಳು.

ಆಗ ಬಂದಳು ವಾರಗಿತ್ತಿ ನಸೀಬ್ ಕೌರ್, ಗಡಿಗೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು.

"ಲೋಹಡಿ ಹಬ್ಬಕ್ಕೂ ಎಷ್ಟೋ ದಿನ ಮುಂಚೆಯಿಂದ ಇಟ್ಟಿದ್ದೀನಿ ಭೈಣ್‌ಜಿ. ಒಲೆ ಪಕ್ಕದಲ್ಲೇ. ಇವತ್ತು ನಿಮ್ಮ ಹಲ್ಲು ಉದುರಬೇಕು."

"ಇರೋದೇ ನಾಲ್ಕು, ಉದುರಿಸು" ಎಂದು ಬಚಿಂತ್ ಕೌರ್ ಅಂಗೈ ಒಡ್ಡಿದಳು. ನೆಕ್ಕಿದಳು. ಮುಖ ಕಪ್ಪಿಟ್ಟಿತು.

ಹುಳಿಯೇ ಇಲ್ಲ. ಅಷ್ಟು ದಿನ ಒಲೆಯ ಪಕ್ಕ ಕೂತ ಮೊಸರು ಸಪ್ಪೆ!

"ಇದು ಏರಿ ಇಳಿದಿದೆ ನಸೀಬೋ. ಚೆಲ್ಲು. ಚರಂಡಿಗೆ ಚೆಲ್ಲು."

ನಸೀಬ್ ಕೌರ್ ಗಡಿಗೆಯನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಗುರುದ್ವಾರದ ಬಾಗಿಲಿಂದ ಗಡಿಗೆ ವಾಪಸ್ಸು! ಸುತ್ತ ಇದ್ದ ಹೆಂಗಸರೆಲ್ಲ ಹತ್ತಿರಕ್ಕೆ ಬಂದರು.

"ಚೆಲ್ಲೋದಾ? ನಿಮಗೆ ನನ್ನ ಮೇಲೆ ಸಿಟ್ಟಿದ್ರೆ ನನ್ನ ಬೈರಿ. ಗುರುಮಹಾರಾಜರ ಪಾಲಿನ ಮೇಲೆ ಯಾಕೆ ತೀರಿಸ್ಕೋತೀರಿ?" ಎಂದವಳೇ ತನ್ನ ಅಂಗೈಗೆ ಸುರಿದುಕೊಂಡು ನೆಕ್ಕಿದಳು. ಒಂದು ಕಣ್ಣು ತಾನಾಗಿ ಮುಚ್ಚಿತು, ಹೆಗಲು ಕುಣಿಯಿತು. "ಬೆಂಕಿ! ತಗೊಳ್ಳೇ, ನೀನೂ ನೋಡು. ನೀನೂ!"

ಅಂಗೈಗಳು ಮುಂದೆ ಬಂದವು. ನೆಕ್ಕಿದವರೆಲ್ಲರ ಮುಖ ಹಿಂಡಿದ ನಿಂಬೆಹಣ್ಣಾಯಿತು. ಒಬ್ಬಳು ಕೆಮ್ಮಿದಳು. ಇನ್ನೊಬ್ಬಳು, "ಅಯ್ಯಪ್ಪಾ, ಕಿವಿವರೆಗೂ ಹೋಯ್ತು" ಎಂದಳು.

ಬಚಿಂತ್ ಕೌರ್ ಮತ್ತೊಮ್ಮೆ ಅಂಗೈ ತುಂಬ ಸುರಿಸಿಕೊಂಡು ನುಂಗಿದಳು. ತಣ್ಣಗಿತ್ತು, ಗಟ್ಟಿಯಾಗಿತ್ತು. ಇನ್ನೇನೂ ಇರಲಿಲ್ಲ. ಹಿಟ್ಟು ಕಲಸಿದ ನೀರು ಕುಡಿದಂತಾಯಿತು. ಕೆಟ್ಟಿದ್ದು ಮೊಸರಲ್ಲ.

ಮೊದಲ ಗಾಬರಿ ತನ್ನದಾದರೆ, ಅದರ ಬೆನ್ನಿಗೇ ಬಂದದ್ದು ಅದಕ್ಕಿಂತ ದೊಡ್ಡದು. ಬೆಳಗಿನಿಂದ 'ಎಳೆಯದು' ಎಂದು ಒಳಗೆ ಕಳಿಸಿದ ಗಡಿಗೆಗಳು? ಅವುಗಳಲ್ಲಿ ಯಾವುದು ಎಳೆಯದು, ಯಾವುದು ಹುಳಿ, ಯಾವುದು ನಿಜಕ್ಕೂ ಇಳಿದದ್ದು? ಎಲ್ಲ ಒಂದೇ ಕೊಪ್ಪರಿಗೆಯಲ್ಲಿ ಕೂಡಿಹೋಗಿವೆ. ಒಳಗೆ ಯಾರೂ ಬಾಯಿಗಿಡುವ ಹಾಗಿಲ್ಲ. ಇನ್ನೇನು ಮಕ್ಕಳು ಮರಿ, ಬಾಣಂತಿಯರು, ಪಕ್ಕದ ಊರಿನವರು ಸಾಲಿನಲ್ಲಿ ಬಂದು ಕೂರುತ್ತಾರೆ.

"ಒಲೆ ಹಚ್ಚಬೇಡಿ!" ಎಂದು ಕೂಗಿದಳು. ಕಂಬಳಿ ಅಲ್ಲೇ ಬಿತ್ತು.

ಗೋಡೆಯ ಸಾಲಿಗೆ ಹೋಗಿ, ಇಷ್ಟು ವರ್ಷ ಬೆಕ್ಕಿಗೆ ಬಿಟ್ಟುಕೊಟ್ಟಿದ್ದ ಕೆಲಸಕ್ಕೆ ಕೂತಳು. ಒಂದೊಂದೇ ಖಾಲಿ ಗಡಿಗೆಗೆ ಮೂಗು ತುರುಕಿದಳು. ಮೂಗು ಇನ್ನೂ ಬದುಕಿತ್ತು. ಹುಳಿ, ಶುದ್ಧ ಹುಳಿ. ಮುಂದಿನದು, ಹುಳಿ. ಮತ್ತೊಂದು, ಹಾಲಿನ ವಾಸನೆ. ಮೂಲೆಯ ಗಡಿಗೆಯಲ್ಲಿ ಮಾತ್ರ ನೆನೆದ ಗೋಣಿಚೀಲದ ಮುಗ್ಗಲು ವಾಸನೆ. ಬೆರಳು ಹಾಕಿ ತಿರುವಿ ತೆಗೆದರೆ ಲೋಳೆ, ಎಳೆ ಎಳೆಯಾಗಿ ಜೋತುಬಿತ್ತು. ಗಡಿಗೆಯನ್ನು ಬೆಳಕಿಗೆ ಹಿಡಿದಳು. ಕಂಠದ ಒಳಗಡೆ ತೆಳ್ಳನೆ ಗುಲಾಬಿ ಬಣ್ಣದ ಗೆರೆ.

"ಯಾರದ್ದಿದು?"

ಕೊನೆಯ ಓಣಿಯ ಹೊಸ ಸೊಸೆ ಲಖ್‌ವೀರ್ ಮುಂದೆ ಬಂದಳು. "ನಮ್ಮದು ಬೀಜಿ. ಮೇಲೆ ಸ್ವಲ್ಪ ಕೆಂಪಗೆ ಕಟ್ಟಿತ್ತು. ಕೆರೆದು ತೆಗೆದೆ. ಕೆಳಗೆ ಬೆಳ್ಳಗೇ ಇತ್ತು. ಹೆಂಗಿದ್ರೂ ನೀವು ನೋಡ್ತೀರಲ್ಲ ಅಂತ..."

"ಬೆಳ್ಳಗಿರುತ್ತೆ ಪುತ್ತರ್. ಅದರ ಬೇರು ಕಣ್ಣಿಗೆ ಕಾಣಲ್ಲ" ಎಂದಳು ಬಚಿಂತ್ ಕೌರ್. ಬೈಯಲಿಲ್ಲ. ಆ ಹುಡುಗಿ ನಂಬಿದ್ದು ತನ್ನ ನಾಲಿಗೆಯನ್ನಲ್ಲವೆ?

"ಗಂಟೆಗಟ್ಟಲೆ ಕುದಿಯುತ್ತಲ್ಲ ಬೀಜಿ, ಎಲ್ಲಾ ಸತ್ತುಹೋಗಲ್ವಾ?" ಎಂದರು ಯಾರೋ.

"ಅದು ಸಾಯುತ್ತೆ. ಅದು ಬಿಟ್ಟುಹೋದ ವಿಷ ಸಾಯಲ್ಲ. ಉರುಳಿಸಿ ಕೊಪ್ಪರಿಗೆನ."

ಊರೆಲ್ಲ ಹಾಲು ಮೀಸಲಿಟ್ಟು ಹೆಪ್ಪು ಹಾಕಿದ್ದು ಬಯಲಿನ ಗುಂಡಿಗೆ ಬೆಳ್ಳಗೆ ಹರಿಯಿತು. ಹೆಂಗಸರು ಬಾಯಿಗೆ ಸೆರಗಿಟ್ಟು ನಿಂತರು. ಕಢಿಯ ಜಾಗಕ್ಕೆ ಬೇಳೆ ಬಂತು.

"ನನ್ನ ನಾಲಿಗೆ ಸತ್ತಿದೆ" ಎಂದು ಬಚಿಂತ್ ಕೌರ್ ಎಲ್ಲರಿಗೂ ಕೇಳುವಂತೆ ಹೇಳಿದಳು. "ಯಾವತ್ತು ಸತ್ತಿತೋ ಗೊತ್ತಿಲ್ಲ. ವಯಸ್ಸಾಯ್ತು, ಊಟ ಸೇರ್ತಿಲ್ಲ ಅಂದ್ಕೊಂಡಿದ್ದೆ."

"ಹೋದ ಬೇಸಿಗೆಯಿಂದ" ಎಂದಳು ಕುಲವಂತ್, ನೆಲ ನೋಡುತ್ತ. "ಆ ಜ್ವರ ಬಂತಲ್ಲ ಬೀಜಿ, ಅವತ್ತಿಂದ. ನೀವು ಮಾಡಿದ ಸೊಪ್ಪಿನ ಸಾಗಿನಲ್ಲಿ ಉಪ್ಪು ವಿಪರೀತ ಇರುತ್ತೆ. ನಾವೆಲ್ಲ ನೀರು ಕುಡ್ಕೊಂಡು ತಿಂತೀವಿ. ನಿಮಗೆ ನೋವಾಗುತ್ತೆ ಅಂತ ನಿಮ್ಮ ಮಗ ಹೇಳಬೇಡ ಅಂದ್ರು."

"ನನಗೂ ಗೊತ್ತಿತ್ತು ಭೈಣ್‌ಜಿ. ಸಿಟ್ಟಲ್ಲಿ ಮರೆತೆ" ಎಂದಳು ನಸೀಬ್ ಕೌರ್. ಅವಳ ಸಿಟ್ಟೆಲ್ಲ ಇಳಿದುಹೋಗಿತ್ತು.

ಬಚಿಂತ್ ಕೌರ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಕಣ್ಣು ಕೊಡಲಿಲ್ಲ.

"ನನ್ನ ಮರ್ಯಾದೆ ಉಳಿಸೋಕೆ ಊರಿಗೆ ವಿಷ ಬಡಿಸೋಕೆ ಬಿಟ್ರಾ? ಇಷ್ಟೊಂದು ಹೆದರಿಸಿದ್ನಾ ನಿಮ್ಮನ್ನ ನಾನು?"

ಮಧ್ಯಾಹ್ನ ಅವಳು ಎಲ್ಲರಂತೆ ಸಾಲಿನಲ್ಲಿ ನೆಲಕ್ಕೆ ಕೂತಳು. ಕುಲವಂತ್ ಬೇಳೆ ಬಡಿಸಿ ಮುಂದೆ ಹೋಗುತ್ತಿದ್ದಳು. ಬಚಿಂತ್ ಕೌರ್ ಅವಳ ದುಪಟ್ಟಾ ಹಿಡಿದು ನಿಲ್ಲಿಸಿ, ತಟ್ಟೆಯನ್ನು ಎತ್ತಿ ತೋರಿಸಿದಳು.

"ಆಮೇಲೆ ನೀನು ತಿಂದು ಹೇಳಬೇಕು ಪುತ್ತರ್, ಉಪ್ಪು ಹೆಂಗಿತ್ತು ಅಂತ. ನಿಜ ಹೇಳಬೇಕು."

ಕುಲವಂತ್ ಸೌಟು ಹಿಡಿದುಕೊಂಡೇ ಅಳತೊಡಗಿದಳು.